ಹದಿನೈದು ನಿಮಿಷದ ಮಾತು

ಬೆಂಗಳೂರಿನಲ್ಲಿ ಅಮೆರಿಕದ ಗಿರಾಕಿಗಳಿಗಾಗಿ ರಾತ್ರಿ ಪಾಳಿಯ ಸಪೋರ್ಟ್ ಕೆಲಸ ಬೆಳೆಯತೊಡಗಿದ ಕಾಲದಲ್ಲೇ ನಾನು ಆ ವೃತ್ತಿಗೆ ಸೇರಿದೆ. ನಮಗೆ ರಾತ್ರಿ ಎರಡು ಗಂಟೆ ಎಂದರೆ ನ್ಯೂಯಾರ್ಕಿನಲ್ಲಿ ಹಿಂದಿನ ದಿನದ ಇಳಿಮಧ್ಯಾಹ್ನ. ಅಲ್ಲಿ ಅಂಗಡಿಗಳಿಗೆ ಜನ ಬರುವ ಹೊತ್ತಿಗೆ ಇಲ್ಲಿ ನಮ್ಮ ಮ್ಯಾನೇಜರುಗಳೆಲ್ಲ ನಿದ್ದೆಯಲ್ಲಿರುತ್ತಿದ್ದರು. ಕರಾರಿನಲ್ಲಿ ಬರೆದ ಮಾತು ಸ್ಪಷ್ಟವಾಗಿತ್ತು: ವ್ಯವಹಾರವೇ ನಿಂತುಹೋದ ತೊಂದರೆ ಬಂದರೆ, ಅಂದರೆ ಸೆವ್ ಒನ್ ಬಂದರೆ, 15 ನಿಮಿಷದಲ್ಲಿ ಉತ್ತರ. ಪರಿಹಾರವಲ್ಲ, ಉತ್ತರ. ಆ 15 ನಿಮಿಷ ಮೀರಿದರೆ ಯಾರು ಏನು ಮಾಡಬೇಕು ಎಂಬುದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಗೋಡೆಗೆ ಒಂದು ಹಾಳೆ ಅಂಟಿಸಿರುತ್ತಿದ್ದರು. ಅದರಲ್ಲಿ ಶಿಫ್ಟ್ ಲೀಡ್, ಮ್ಯಾನೇಜರ್, ಡೆಲಿವರಿ ಹೆಡ್ ಇವರ ಹೆಸರು, ಮನೆಯ ಫೋನ್ ನಂಬರು, ಕೆಲವರ ಪೇಜರ್ ನಂಬರು ಇರುತ್ತಿತ್ತು. ಯಾರನ್ನು ಯಾವಾಗ ಎಬ್ಬಿಸಬೇಕು ಎಂಬ ತೀರ್ಮಾನ ಪಾಳಿಯಲ್ಲಿದ್ದ ಹುಡುಗ ಹುಡುಗಿಯರದ್ದು. ಅವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿ ಆಗಷ್ಟೇ ಬಂದವರು. "ಈಗ ಸಾರ್‌ನ ಎಬ್ಬಿಸೋದಾ? ಇನ್ನೊಂದು ಸಲ ನೋಡೋಣ, ಬೆಳಗಾಗ್ಲಿ" ಎನ್ನುವ ಮಾತನ್ನು ನಾನು ಎಷ್ಟೋ ರಾತ್ರಿ ಕೇಳಿದ್ದೇನೆ. ದೊಡ್ಡವರ ನಿದ್ದೆ ಕೆಡಿಸಬಾರದೆಂಬ ಸಂಕೋಚ, ನನಗೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂಬ ಅಳುಕು, ಎರಡೂ ಅದರಲ್ಲಿದ್ದವು. ಮೇಲಿನವರಿಗೆ ತಿಳಿಸುವುದೆಂದರೆ ಆಗ ಧೈರ್ಯದ ಪ್ರಶ್ನೆಯಾಗಿತ್ತು.

ಆಮೇಲೆ ಟಿಕೆಟ್ ತಂತ್ರಾಂಶ ಬಂತು. ಗಿರಾಕಿಯ ಪ್ರತಿ ಸಂದೇಶಕ್ಕೂ ಒಂದು ನಂಬರು, ಒಂದು ಗಡಿಯಾರ. ಗಡುವು ಮೀರಿದರೆ ಸಾಲು ಕೆಂಪಾಗಿ, ಮ್ಯಾನೇಜರಿಗೆ ಒಂದು ಇಮೇಲ್ ಹೋಗುತ್ತಿತ್ತು. ಎಸ್ಕಲೇಷನ್ ಇನ್ನು ಮನುಷ್ಯರ ಸಂಕೋಚಕ್ಕೆ ಸಿಕ್ಕುವುದಿಲ್ಲ ಎಂದು ನಾವು ನಂಬಿದೆವು. ಆದರೆ ಆ ಇಮೇಲ್ ಹೊರಡುತ್ತಿದ್ದದ್ದು 15 ನಿಮಿಷ ಮುಗಿದ ಮೇಲೆ, ಕೊಟ್ಟ ಮಾತು ಮುರಿದ ಮೇಲೆ. ಅದು ಹೋಗಿ ಸೇರುತ್ತಿದ್ದದ್ದು ಮಲಗಿರುವವರ ಇನ್‌ಬಾಕ್ಸಿಗೆ. ಬೆಳಿಗ್ಗೆ ಒಂಬತ್ತಕ್ಕೆ ಓದಿದರೆ ಅದು ಎಚ್ಚರಿಕೆಯಾಗಿ ಉಳಿಯುವುದಿಲ್ಲ, ವರದಿಯಾಗುತ್ತದೆ.

ಗಡಿಯಾರಕ್ಕೂ ಒಂದು ದೋಷವಿತ್ತು. ಕೆಲವು ಕರಾರುಗಳಲ್ಲಿ ಅದನ್ನು ಕಚೇರಿಯ ವೇಳೆಗೆ, ಸೋಮವಾರದಿಂದ ಶುಕ್ರವಾರ ಒಂಬತ್ತರಿಂದ ಆರಕ್ಕೆ, ಕಟ್ಟಿರುತ್ತಿದ್ದರು. ಗಿರಾಕಿ ಶುಕ್ರವಾರ ಸಂಜೆ 5:55ಕ್ಕೆ ಬರೆದರೆ ಗಡಿಯಾರ ಐದು ನಿಮಿಷ ಓಡಿ ಆರಕ್ಕೆ ನಿಲ್ಲುತ್ತಿತ್ತು. ಉಳಿದ ಹತ್ತು ನಿಮಿಷ ಲೆಕ್ಕಕ್ಕೆ ಸಿಗುತ್ತಿದ್ದದ್ದು ಸೋಮವಾರ ಬೆಳಿಗ್ಗೆ. ಸಾಮಾನ್ಯ ದೂರಿಗೆ ಈ ಲೆಕ್ಕ ಸರಿ. ಸೆವ್ ಒನ್‌ಗೆ ಗಡಿಯಾರ ಹಗಲು ರಾತ್ರಿ, ಹಬ್ಬ ಹರಿದಿನ ಎನ್ನದೆ ಓಡಬೇಕು. ಹಾಗೆ ಬೇರೆ ಮಾಡಬೇಕೆಂಬುದು ನಮ್ಮಲ್ಲಿ ತಡವಾಗಿಯೇ ಮನದಟ್ಟಾಯಿತು.

ಅದೇ ಮಹಡಿಯ ಇನ್ನೊಂದು ಮೂಲೆಯಲ್ಲಿ ಸರ್ವರುಗಳನ್ನು ಕಾಯುವ ತಂಡವಿತ್ತು. ಅವರು ಬಳಸುತ್ತಿದ್ದದ್ದು ನಾಗಿಯೋಸ್, 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಂದ ತಂತ್ರಾಂಶ. ಯಂತ್ರ ಕೆಟ್ಟಾಗ ಯಾರಿಗೆ, ಎಷ್ಟನೇ ಸಲ ತಿಳಿಸಬೇಕೆಂಬ ಮೆಟ್ಟಿಲು ಅದರಲ್ಲಿ ಆಗಲೇ ಇತ್ತು. ಅದರ ಒಂದು ತುಣುಕು ಹೀಗಿರುತ್ತದೆ:

```
define serviceescalation {
  host_name              pay01
  service_description    queue
  first_notification     3
  last_notification      0
  notification_interval  5
  contact_groups         oncall,dutymgr
}
```

ಎಚ್ಚರಿಕೆ ಐದೈದು ನಿಮಿಷಕ್ಕೊಮ್ಮೆ ಹೋಗುತ್ತಿದ್ದರೆ ಮೂರನೆಯದು ಹೊರಡುವುದು ಮೊದಲನೆಯದಾದ ಹತ್ತು ನಿಮಿಷಕ್ಕೆ. ಅಲ್ಲಿಂದ ಮುಂದೆ ಡ್ಯೂಟಿ ಮ್ಯಾನೇಜರಿಗೂ ಹೋಗುತ್ತದೆ. `last_notification` ಸೊನ್ನೆ ಎಂದರೆ ತೊಂದರೆ ಮುಗಿಯುವವರೆಗೂ ಬಿಡಬೇಡ ಎಂದರ್ಥ. `contact_groups` ಸಾಲಿನಲ್ಲಿ `oncall` ಎಂದು ಮತ್ತೆ ಬರೆದಿರುವುದಕ್ಕೂ ಕಾರಣವಿದೆ. ಅದನ್ನು ಬಿಟ್ಟರೆ ಎಚ್ಚರಿಕೆ ಮೇಲಿನವರಿಗಷ್ಟೇ ಹೋಗಿ, ಮೊದಲು ಕೆಲಸಕ್ಕೆ ಇಳಿಯಬೇಕಾದವರಿಗೆ ನಿಂತುಹೋಗುತ್ತದೆ. ಯಂತ್ರದ ದೂರಿಗೆ ಇಷ್ಟು ಎಚ್ಚರ ವಹಿಸಿದ ನಾವು, ಮನುಷ್ಯರು ಬರೆದ ದೂರಿಗೆ ಇಂಥ ಮೆಟ್ಟಿಲನ್ನು ಕಟ್ಟಿರಲಿಲ್ಲ. ಕಟ್ಟುವಂತೆ ಮಾಡಿದ್ದು ಒಂದು ರಾತ್ರಿಯ ಘಟನೆ.

ಅಂದು ನನ್ನದು ಬೆಳಗಿನ ಪಾಳಿ. ಬಂದಾಗ ಎಲ್ಲರೂ ಒಂದೇ ಪರದೆಯ ಮುಂದೆ ನಿಂತಿದ್ದರು. ಟಿಕೆಟಿನ ಇತಿಹಾಸವನ್ನು ನಿಮಿಷ ನಿಮಿಷವಾಗಿ ಓದಿದೆವು. 1:40ಕ್ಕೆ ಗಿರಾಕಿಯ ಸಂದೇಶ: ಅಂಗಡಿಗಳ ಬಿಲ್ ಕೌಂಟರಿನಲ್ಲಿ ಕಾರ್ಡ್ ಪಾವತಿ ನಿಂತಿದೆ. ತಕ್ಷಣ ತಂತ್ರಾಂಶದಿಂದ ಒಂದು ತಾನಾಗಿ ಹೋಗುವ ಉತ್ತರ: ನಿಮ್ಮ ದೂರು ತಲುಪಿದೆ. 1:48ಕ್ಕೆ ಪಾಳಿಯ ಇಂಜಿನಿಯರ್ ಅದನ್ನು ತನ್ನ ಹೆಸರಿಗೆ ಹಾಕಿಕೊಂಡು "ಇನ್ ಪ್ರೋಗ್ರೆಸ್" ಮಾಡಿದ. ಅಲ್ಲಿಗೆ ಗಡಿಯಾರ ನಿಂತಿತು, ಸಾಲು ಹಸಿರಾಯಿತು. ಆ ಹೊತ್ತಿಗೆ ಆತ ಇನ್ನೊಬ್ಬ ಗಿರಾಕಿಯ ಡೇಟಾಬೇಸ್ ತೊಂದರೆಗೆ ಫೋನಿನಲ್ಲಿದ್ದ. ಮುಗಿಸಿ ಬರುತ್ತೇನೆಂದುಕೊಂಡಿದ್ದ ಆ ಕರೆ ಮುಗಿಯಲೇ ಇಲ್ಲ.

2:05ಕ್ಕೆ ಗಿರಾಕಿ ಮತ್ತೆ ಬರೆದರು. 2:30ಕ್ಕೆ ಇನ್ನೊಮ್ಮೆ. ಎರಡೂ ಹಳೆಯ ಟಿಕೆಟಿಗೇ ಅಂಟಿಕೊಂಡವು, ಹೊಸ ಟಿಕೆಟ್ ಅಲ್ಲವಾದ್ದರಿಂದ ಯಾವ ಗಂಟೆಯೂ ಮೊಳಗಲಿಲ್ಲ. 3:20ಕ್ಕೆ ಅವರ ಮ್ಯಾನೇಜರ್ ಅಮೆರಿಕದಲ್ಲಿದ್ದ ನಮ್ಮ ಸೇಲ್ಸ್‌ನವರಿಗೆ ಫೋನ್ ಮಾಡಿದರು. ಅವರು ಬೆಂಗಳೂರಿನಲ್ಲಿ ಡೆಲಿವರಿ ಹೆಡ್‌ನ ಮನೆಗೆ ಮಾಡಿದರು. ಕೆಲಸಕ್ಕೆ ಕೈಹಾಕಿದ ಮೇಲೆ ತೊಂದರೆ ಇಪ್ಪತ್ತು ನಿಮಿಷದಲ್ಲಿ ಬಗೆಹರಿಯಿತು. ಅದಕ್ಕೆ ಮೊದಲು ಗಿರಾಕಿ ಕಾದದ್ದು ಒಂದು ಗಂಟೆ ನಲವತ್ತು ನಿಮಿಷಕ್ಕೂ ಹೆಚ್ಚು. ವಾರದ ವರದಿಯಲ್ಲಿ ಅದೇ ಟಿಕೆಟಿನ ಮುಂದೆ ಹೀಗಿತ್ತು: ಉತ್ತರ ಎಂಟು ನಿಮಿಷದಲ್ಲಿ, ಕರಾರು ಪಾಲನೆಯಾಗಿದೆ.

ಯಾರೂ ನಿದ್ದೆ ಮಾಡಿರಲಿಲ್ಲ, ಯಾರೂ ಉದಾಸೀನ ಮಾಡಿರಲಿಲ್ಲ. ತಪ್ಪಿದ್ದದ್ದು ನಿಯಮದಲ್ಲಿ. ನಮ್ಮ ಪರದೆಯಲ್ಲಿ ಒಂದು ಗುಂಡಿ ಒತ್ತುವುದನ್ನೇ ಅದು ಉತ್ತರವೆಂದು ಎಣಿಸಿತ್ತು. ಗಿರಾಕಿಗೆ ಆ ಗುಂಡಿ ಕಾಣುವುದೇ ಇಲ್ಲ. ಒಮ್ಮೆ ಒತ್ತಿದ ಮೇಲೆ ಗಡಿಯಾರಕ್ಕೆ ಮುಂದೆ ಕೆಲಸವೂ ಇರಲಿಲ್ಲ.

ಆ ತಿಂಗಳಲ್ಲೇ ಹೊಸ ಮೆಟ್ಟಿಲು ಬರೆದೆವು. ಗಡಿಯಾರ ಓಡತೊಡಗುವುದು ಸಂದೇಶ ಬಂದ ಕ್ಷಣದಿಂದ, ನಾವು ತೆರೆದು ನೋಡಿದಾಗಿನಿಂದ ಅಲ್ಲ. ತಾನಾಗಿ ಹೋದ ಉತ್ತರವಾಗಲಿ, ಸ್ಥಿತಿ ಬದಲಿಸಿದ್ದಾಗಲಿ ಅದನ್ನು ನಿಲ್ಲಿಸುವುದಿಲ್ಲ. ಒಬ್ಬ ಮನುಷ್ಯ ಗಿರಾಕಿಗೆ ಬರೆದು, ಏನು ಕಂಡಿದೆ, ಯಾರು ನೋಡುತ್ತಿದ್ದಾರೆ, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಎಂಬ ಮೂರನ್ನು ಹೇಳಿದಾಗ ಮಾತ್ರ ಅದು ನಿಲ್ಲುತ್ತದೆ.

ಸಂದೇಶ ಬಂದ ಕೂಡಲೇ ಪಾಳಿಯವರ ಫೋನ್ ರಿಂಗಣಿಸುತ್ತದೆ. ಐದು ನಿಮಿಷದಲ್ಲಿ ಉತ್ತರ ಹೋಗದಿದ್ದರೆ ಅವರಿಗೆ ಮತ್ತೊಮ್ಮೆ, ಜೊತೆಗೆ ಎರಡನೆಯ ಇಂಜಿನಿಯರಿಗೂ. ಹತ್ತು ನಿಮಿಷಕ್ಕೆ ಡ್ಯೂಟಿ ಮ್ಯಾನೇಜರಿಗೆ. ಹದಿನೈದಕ್ಕೇ ಏಕೆ ಬೇಡ ಎಂದು ಕೆಲವರು ವಾದಿಸಿದರು. ನಿದ್ದೆಯಿಂದ ಎದ್ದವರು ಲ್ಯಾಪ್‌ಟಾಪ್ ತೆರೆದು, ವಿಪಿಎನ್ ಹಚ್ಚಿ, ದೂರನ್ನು ಓದುವುದಕ್ಕೇ ಐದು ನಿಮಿಷ ಬೇಕು. ಆ ಐದು ನಿಮಿಷವನ್ನು ಗಡುವಿನ ಒಳಗೇ ಇಡಬೇಕು. ಹದಿನೈದೂ ಮೀರಿದರೆ ಡೆಲಿವರಿ ಹೆಡ್‌ಗೆ ಸುದ್ದಿ ಹೋಗುತ್ತದೆ, ಡ್ಯೂಟಿ ಮ್ಯಾನೇಜರ್ ಗಿರಾಕಿಗೆ ತಾವೇ ಫೋನ್ ಮಾಡಿ ಮಾತು ತಪ್ಪಿದ್ದನ್ನು ಹೇಳುತ್ತಾರೆ.

ಮೊದಲ ಉತ್ತರ ಹೋದ ಮೇಲೆ ಎರಡನೆಯ ಗಡಿಯಾರ ಓಡುತ್ತದೆ: ಮೂವತ್ತು ನಿಮಿಷಕ್ಕೊಮ್ಮೆ ಗಿರಾಕಿಗೆ ಸುದ್ದಿ. ಅದು ತಪ್ಪಿದರೆ ಮೆಟ್ಟಿಲು ಮತ್ತೆ ಮೊದಲಿನಿಂದ. ನಡುವೆ ಗಿರಾಕಿ ಉತ್ತರವಿಲ್ಲದೆ ಎರಡು ಸಲ ಬರೆದರೆ, ಗಡಿಯಾರ ಎಲ್ಲೇ ಇರಲಿ, ದೂರು ಒಂದು ಮೆಟ್ಟಿಲು ಮೇಲೇರುತ್ತದೆ. ಆ ರಾತ್ರಿ ಈ ಮೆಟ್ಟಿಲು ಇದ್ದಿದ್ದರೆ 1:50ಕ್ಕೇ ಡ್ಯೂಟಿ ಮ್ಯಾನೇಜರ್ ಎದ್ದಿರುತ್ತಿದ್ದರು.

ಡ್ಯೂಟಿ ಮ್ಯಾನೇಜರ್ ಯಾರಾಗಬೇಕೆಂಬ ಚರ್ಚೆಯೂ ನಡೆಯಿತು. ದೊಡ್ಡ ಹುದ್ದೆಯವರ ಹೆಸರು ಹಾಕುವುದು ಸುಲಭ. ಆದರೆ ಎದ್ದು "ಏನಾಯ್ತು?" ಎಂದು ಕೇಳುವುದಷ್ಟೇ ಗೊತ್ತಿದ್ದರೆ ಪ್ರಯೋಜನವಿಲ್ಲ. ಒಬ್ಬರನ್ನು ಒಂದು ಕೆಲಸದಿಂದ ಬಿಡಿಸಿ ಇನ್ನೊಂದಕ್ಕೆ ಹಚ್ಚುವ ಅಧಿಕಾರ, ಯಾವ ದೂರು ಮೊದಲು ಎಂದು ತೀರ್ಮಾನಿಸುವ ತಿಳಿವಳಿಕೆ, ಇವೆರಡೂ ಇರುವವರೇ ಆ ಜಾಗದಲ್ಲಿರಬೇಕು. ಅಂದು ಬೇಕಾಗಿದ್ದದ್ದೂ ಅದೇ.

ಮುಂದೆ ಇದನ್ನೆಲ್ಲ ಮಾಡುವ ಸೇವೆಗಳೇ ಬಂದವು. 2009ರಲ್ಲಿ ಶುರುವಾದ ಪೇಜರ್‌ಡ್ಯೂಟಿಯಂಥವು ಪಾಳಿಯ ಪಟ್ಟಿ ನೋಡಿಕೊಂಡು ತಾವೇ ಫೋನ್ ಮಾಡುತ್ತವೆ, ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತವೆ. ಆದರೆ ಪಟ್ಟಿಯನ್ನು ಬರೆಯುವವರು ಮನುಷ್ಯರೇ. ನಮ್ಮ ಹೊಸ ಮೆಟ್ಟಿಲನ್ನು ಪರೀಕ್ಷಿಸಲು ಯಾರಿಗೂ ಹೇಳದೆ ಒಂದು ಹುಸಿ ಸೆವ್ ಒನ್ ಕಳಿಸಿದಾಗ, ಎರಡನೆಯ ಕರೆ ಹೋದದ್ದು ಕೆಲಸ ಬಿಟ್ಟುಹೋಗಿದ್ದ ಹುಡುಗಿಯ ನಂಬರಿಗೆ. ಅಲ್ಲಿಂದ ಈ ಪರೀಕ್ಷೆ ವಾಡಿಕೆಯಾಯಿತು. ರಾತ್ರಿ ಫೋನು ತಾನಾಗಿ ಸೈಲೆಂಟ್ ಆಗುವ ಸೌಲಭ್ಯ ಬಂದ ಮೇಲೆ, ಆನ್-ಕಾಲ್ ನಂಬರಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದಾರೆಯೇ ಎಂಬುದೂ ಅದರಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಅಪಾಯ ನಿಧಾನವಾಗಿ ಕಾಣಿಸಿತು. ಸೆವ್ ಒನ್ ಎಂದು ಬರೆದರೆ ಬೇಗ ಉತ್ತರ ಸಿಗುತ್ತದೆಂದು ತಿಳಿದ ಗಿರಾಕಿಗಳು ಎಲ್ಲವನ್ನೂ ಸೆವ್ ಒನ್ ಎಂದೇ ಬರೆಯತೊಡಗಿದರು. ಪ್ರತಿ ರಾತ್ರಿ ಎದ್ದು ಸುಮ್ಮನೆ ಮಲಗುವ ಮ್ಯಾನೇಜರ್ ಒಂದು ದಿನ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಅದಕ್ಕೆ ತಿಂಗಳಿಗೊಮ್ಮೆ ಯಾವ ದೂರು ಯಾವ ಮೆಟ್ಟಿಲಿಗೆ ತಲುಪಿತೆಂದು ಎಣಿಸುತ್ತಿದ್ದೆವು. ಸೆವ್ ಒನ್ ಅಲ್ಲದ್ದನ್ನು ಗಿರಾಕಿಯೊಂದಿಗೆ ಕುಳಿತು ಪಟ್ಟಿಯಿಂದ ತೆಗೆದೆವು. ನಿಜವಾದ ದೂರುಗಳೇ ಮತ್ತೆ ಮತ್ತೆ ಮೂರನೆಯ ಮೆಟ್ಟಿಲೇರುತ್ತಿದ್ದರೆ ಪಾಳಿಯಲ್ಲಿ ಜನ ಸಾಲದು ಎಂದರ್ಥ. ಆಗ ನಿಯಮವನ್ನು ತಿದ್ದಿ ಫಲವಿಲ್ಲ, ಜನರನ್ನು ಕೊಡಬೇಕು.

ಇಷ್ಟರಲ್ಲಿ ಮಹಡಿಯ ಮಾತೂ ಬದಲಾಗಿತ್ತು. ಹತ್ತನೆಯ ನಿಮಿಷಕ್ಕೆ ಮ್ಯಾನೇಜರ್ ಎದ್ದರೆ ಯಾರೂ ಕ್ಷಮೆ ಕೇಳುತ್ತಿರಲಿಲ್ಲ. ಎಬ್ಬಿಸಿದ್ದು ನಿಯಮ, ಹುಡುಗನಲ್ಲ. "ಸರ್, ಎರಡು ಕಡೆ ಸಿಕ್ಕಿಕೊಂಡಿದ್ದೀನಿ, ಇದನ್ನ ಯಾರಿಗಾದ್ರೂ ಕೊಡಿ" ಎಂದು ನೇರವಾಗಿ ಹೇಳುವುದನ್ನು ಕಿರಿಯರು ಕಲಿತರು, ಅದನ್ನು ದೂರೆಂದು ತಿಳಿಯದೆ ಕೇಳುವುದನ್ನು ಹಿರಿಯರು ಕಲಿತರು.

ಆಸ್ಪತ್ರೆಗಾಗಲಿ, ಬ್ಯಾಂಕಿಗಾಗಲಿ, ನಿಮ್ಮದೇ ಸಣ್ಣ ಅಂಗಡಿಗಾಗಲಿ ಸಪೋರ್ಟ್ ಕರಾರಿಗೆ ಸಹಿ ಹಾಕುವಾಗ ಎಷ್ಟು ನಿಮಿಷದಲ್ಲಿ ಉತ್ತರ ಎಂದು ಕೇಳಿ ಸುಮ್ಮನಾಗಬೇಡಿ. ಉತ್ತರ ಎಂದು ನೀವು ಯಾವುದನ್ನು ಎಣಿಸುತ್ತೀರಿ, ಆ ಅವಧಿಯ ಮೂರನೇ ಎರಡು ಭಾಗ ಕಳೆದರೂ ಉತ್ತರ ಹೋಗದಿದ್ದರೆ ಯಾರ ಫೋನ್ ರಿಂಗಣಿಸುತ್ತದೆ ಎಂದು ಕೇಳಿ. ಇದಕ್ಕೆ ಸ್ಪಷ್ಟ ಉತ್ತರ ಕೊಡಲಾರದವರ 15 ನಿಮಿಷದ ಮಾತನ್ನು ನಂಬಬೇಡಿ.