ಶಿಬಿರಕ್ಕೊಂದು ಹೆಸರು ಬೇಕು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವರ್ಷ ನಮ್ಮೂರಿನ ಮಕ್ಕಳಿಗೆ ಹತ್ತು ದಿನದ ಬೇಸಿಗೆ ಶಿಬಿರ ಶುರು ಮಾಡಿದೆ. ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂದು ಹೆಸರಿಟ್ಟೆ. ಅಪ್ಪ ಅಮ್ಮಂದಿರು ಖುಷಿಯಿಂದ ಹೆಸರು ಬರೆಸಿದರು. ಮಕ್ಕಳು ಮಾತ್ರ ಪರೀಕ್ಷೆಗೆ ಬಂದವರಂತೆ ಬಂದರು. ಮೂರನೆಯ ದಿನಕ್ಕೆ ಅರ್ಧ ಮಂದಿಗೆ ಹೊಟ್ಟೆನೋವು!

ಮರುವರ್ಷ ‘ಮಜಾ ಮೇಳ’ ಎಂದಿಟ್ಟೆ. ಮಕ್ಕಳು ಕುಣಿದಾಡಿದರು. ಆದರೆ ಒಬ್ಬ ತಂದೆ, “ಮಜಾ ಮಾಡೋಕೆ ದುಡ್ಡು ಯಾಕೆ ಕೊಡ್ಬೇಕು ಮೇಷ್ಟ್ರೇ? ಮನೇಲೇ ಮಾಡ್ತಾರಲ್ಲ” ಎಂದರು. ಸೇರಿದವರು ಒಂಬತ್ತೇ ಮಂದಿ.

ಮೂರನೆಯ ವರ್ಷ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಶಿಬಿರ ನಡೆಯುವುದು ಕೆರೆ ಏರಿಯ ಪಕ್ಕದ ಹಳೆಯ ಶಾಲೆಯಲ್ಲಿ. ‘ಜಲ ಜ್ಞಾನ ಶಿಬಿರ’ ಎಂದೆ.

“ಅಲ್ಲಿ ನಾವೇನ್ ಮಾಡ್ಬೇಕು ತಾತ?”

“ಕೂತು ಕೇಳ್ಬೇಕು” ಎಂದು ನನ್ನ ಬಾಯಲ್ಲೇ ಬಂತು. ಆ ಹೆಸರು ಅಲ್ಲಿಗೇ ಬಿತ್ತು. ‘ನಿಧಿ ಬೇಟೆ’ ಎಂದೆ. ಕಣ್ಣರಳಿಸಿ, “ನಿಧಿ ಎಲ್ಲಿದೆ?” ಎಂದಳು. ನಿಧಿ ಎಲ್ಲಿಂದ ತರಲಿ? ಕೊನೆಗೆ ಅವಳೇ ಹೇಳಿದಳು: “ಕೆರೆ ಪತ್ತೇದಾರರು!”

ಹೆಸರನ್ನಷ್ಟೇ ಹೇಳಿ, ಅಲ್ಲಿ ಏನು ಮಾಡುತ್ತೀರಿ ಎಂದು ಬೀದಿಯ ಮಕ್ಕಳನ್ನು ಕೇಳಿದೆ. “ಹುಡುಕ್ತೀವಿ” ಎಂದರು. ಅಷ್ಟು ಸಾಕಿತ್ತು. ಪಕ್ಕದ ಮನೆಯ ಅಜ್ಜಿಯೂ ತಡವರಿಸದೆ ಹೇಳಿದರು. ಚೀಟಿಯಲ್ಲಿ ಆ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕೆಳಗೆ ಸಣ್ಣದಾಗಿ ಹಿರಿಯರಿಗೆ ಬರೆಸಿದೆ: ‘ನಕ್ಷೆ ಬರೆಯುವುದು, ಅಳತೆ ಮಾಡುವುದು, ಹಕ್ಕಿ ಗುರುತಿಸುವುದು. 9ರಿಂದ 12 ವರ್ಷದವರಿಗೆ. ಬೆಳಗ್ಗೆ 7ರಿಂದ 10.’ ಈ ಸಲ ಇಪ್ಪತ್ತಾರು ಮಂದಿ ಸೇರಿದರು.

ಮೊದಲ ದಿನವೇ ಒಬ್ಬ ಹುಡುಗ ಎದ್ದು ನಿಂತ. “ಪತ್ತೆ ಮಾಡೋದು ಏನನ್ನ?”

ಹೆಸರಿಟ್ಟ ಮೇಲೆ ಅದಕ್ಕೆ ತಕ್ಕ ಕೆಲಸ ಕೊಡಬೇಕಲ್ಲ! ನಾನು ಬರೆದಿಟ್ಟಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. “ಕೆರೆಯ ನೀರು ದಿನಾ ಕಡಿಮೆಯಾಗ್ತಿದೆ. ಕಳ್ಳ ಯಾರು?” ಎಂದೆ.

ಮಕ್ಕಳು ಏರಿಯ ಉದ್ದಕ್ಕೂ ನಡೆದು ನಕ್ಷೆ ಬರೆದರು. ಕೋಡಿ ಒಣಗಿತ್ತು, ನೀರು ಅದಕ್ಕಿಂತ ಬಹಳ ಕೆಳಗಿತ್ತು. ತೂಬು ಮುಚ್ಚಿತ್ತು, ಕಾಲುವೆಯಲ್ಲಿ ಪಸೆಯೂ ಇರಲಿಲ್ಲ. ನೀರಿನ ಅಂಚಿನಲ್ಲಿ ನಾನೇ ಗುರುತು ಹಾಕಿದ ಕಡ್ಡಿ ನೆಟ್ಟೆ. ದಿನವೂ ಬೆಳಗ್ಗೆ ದಡದಿಂದಲೇ ನೋಡಿ ಬರೆದುಕೊಂಡರು. ಹತ್ತು ದಿನಕ್ಕೆ ನೀರು 6 ಸೆಂಟಿಮೀಟರ್ ಇಳಿದಿತ್ತು.

“ಕಳ್ಳ ಸೂರ್ಯ!” ಎಂದು ಎಲ್ಲರೂ ಕೂಗಿದರು. ಒಬ್ಬಳು ಮಾತ್ರ, “ನೆಲವೂ ಕುಡಿದಿರಬಹುದು ತಾತ” ಎಂದಳು. ಅವಳ ಮಾತೂ ಸರಿಯೇ. ಯಾರು ಎಷ್ಟು ಕದ್ದರೆಂಬುದು ಮುಂದಿನ ಬೇಸಿಗೆಗೆ ಉಳಿಯಿತು.

ಶಿಬಿರ ಮುಗಿದ ವಾರ, ಮಜಾಕ್ಕೆ ದುಡ್ಡು ಯಾಕೆ ಎಂದಿದ್ದ ಆ ತಂದೆ ಸಿಕ್ಕಿದರು. “ಮೇಷ್ಟ್ರೇ, ನಮ್ಮ ಹುಡುಗ ಮನೆಯ ನೀರಿನ ಡ್ರಮ್ಮಿಗೂ ಕಡ್ಡಿ ಇಟ್ಟಿದ್ದಾನೆ. ನಾನು ಎಷ್ಟು ಚೊಂಬು ಸ್ನಾನ ಮಾಡ್ತೀನಿ ಅಂತ ಲೆಕ್ಕ ಬರೀತಿದ್ದಾನೆ!” ಎಂದರು.