ಬಿಲ್ಲಿನಲ್ಲಿದೆ, ಸರದಲ್ಲಿಲ್ಲ

2023ರ ನವೆಂಬರಿನಲ್ಲಿ ತಂಗಿಯ ಹಿರಿಮಗಳ ಮದುವೆಗೆ ಸರ ಕೊಳ್ಳಲು ನಮ್ಮ ಕೊಡ್ಲಿಯಿಂದ ಕಲಬುರಗಿಗೆ ಹೋಗಿದ್ದೆವು. ತಕ್ಕಡಿಯಲ್ಲಿ ಸರದ ತೂಕ 20 ಗ್ರಾಂ. ಅಂದಿನ 22 ಕ್ಯಾರಟ್ ದರ ಗ್ರಾಮಿಗೆ 5,600 ರೂಪಾಯಿ. ಅಂದರೆ ಬಂಗಾರದ ಬೆಲೆ 1,12,000. ಬಿಲ್ಲಿನಲ್ಲಿ ಇದ್ದದ್ದು 1,33,129!

ಪಿಯುಸಿ ವಿಜ್ಞಾನ ಓದುತ್ತಿದ್ದ ಕಿರಿಯವಳು ಬಿಲ್ಲಿನ ಮೇಲೆ ಬೆರಳಿಟ್ಟಳು. ವೇಸ್ಟೇಜ್ ಶೇಕಡಾ 10, ಅಂದರೆ 2 ಗ್ರಾಂ, 11,200 ರೂಪಾಯಿ. "ಮಾಮಾ, ದ್ರವ್ಯ ನಾಶ ಆಗಂಗಿಲ್ಲ ಅಂತ ನೀವೇ ಕಲಿಸೀರಿ. ಈ ಎರಡು ಗ್ರಾಂ ಎಲ್ಲಿ ಹೋಯ್ತ್ರೀ?"

ಪ್ರಶ್ನೆ ಸರಿಯಾಗಿಯೇ ಇತ್ತು. ಪತ್ತಾರರು ಕೈಯಿಂದ ಒಡವೆ ಮಾಡುವಾಗ ಅರ ಉಜ್ಜಿದ ಪುಡಿ, ಕತ್ತರಿಸಿದ ಚೂರು ಬೀಳುತ್ತವೆ. ಅದಕ್ಕಾಗಿ ಹುಟ್ಟಿದ ಲೆಕ್ಕವೇ ವೇಸ್ಟೇಜ್. ಆದರೆ ಬಿದ್ದ ಪುಡಿಯನ್ನು ಯಾರೂ ಬಿಡುವುದಿಲ್ಲ. ಅಂಗಡಿಯ ಕಸವನ್ನೂ ತೊಳೆದು ಬಂಗಾರ ತೆಗೆಯುತ್ತಾರೆ. ಯಂತ್ರದಲ್ಲಿ ಹೆಣೆದ ಸರಕ್ಕಂತೂ ಹತ್ತನೇ ಒಂದು ಭಾಗ ಹಾಳಾಗುವ ಮಾತೇ ಇಲ್ಲ. ಆದ್ದರಿಂದ ಇದು ನಷ್ಟವಲ್ಲ, ಮಜೂರಿಯ ಇನ್ನೊಂದು ಹೆಸರು.

ಮಜೂರಿ ಬೇರೆ ಇತ್ತಲ್ಲ! ಗ್ರಾಮಿಗೆ 300ರಂತೆ 6,000 ರೂಪಾಯಿ. ಎರಡಕ್ಕೂ ಒಂದು ವ್ಯತ್ಯಾಸವಿದೆ. ಬಂಗಾರದ ದರ ದುಪ್ಪಟ್ಟಾದರೂ ಗ್ರಾಮಿಗೆ ಇಷ್ಟೆಂದು ಗೊತ್ತುಮಾಡಿದ ಮಜೂರಿ ತಾನಾಗಿ ಏರದು. ಅದೇ ಸರದ ವೇಸ್ಟೇಜ್ ಮಾತ್ರ 22,400 ಆಗುತ್ತದೆ, ಕೆಲಸ ಒಂದಿಷ್ಟೂ ಹೆಚ್ಚದಿದ್ದರೂ. ಮುಂದೆ ಈ ಸರ ಮಾರಹೋದರೆ ತೂಗುವುದು 20 ಗ್ರಾಂ ಮಾತ್ರ. ಆ 2 ಗ್ರಾಮನ್ನು ಯಾರೂ ಕೇಳುವುದಿಲ್ಲ.

ಉಳಿದದ್ದು ಸಣ್ಣ ಲೆಕ್ಕ. ಬಂಗಾರ, ವೇಸ್ಟೇಜ್, ಮಜೂರಿ ಸೇರಿದ 1,29,200ರ ಮೇಲೆ ಶೇಕಡಾ 3 ಜಿಎಸ್‌ಟಿ, 3,876. ಹಾಲ್‌ಮಾರ್ಕ್ ಶುಲ್ಕ ತೆರಿಗೆ ಸೇರಿ 53. ಇದು ಒಡವೆಯ ಎಣಿಕೆಯ ಮೇಲೆ, ತೂಕದ ಮೇಲಲ್ಲ. ಉಂಗುರಕ್ಕೂ ಅಷ್ಟೇ, ಸರಕ್ಕೂ ಅಷ್ಟೇ. ಯಾರಾದರೂ ಹಾಲ್‌ಮಾರ್ಕಿನ ಹೆಸರಲ್ಲಿ ಸಾವಿರಾರು ಕೇಳಿದರೆ ಸುಮ್ಮನಿರಬೇಡಿ.

ಸರದ ಕೊಂಡಿಯ ಹತ್ತಿರ ಭೂತಗನ್ನಡಿ ಹಿಡಿದು ನೋಡಿದೆವು. ಬಿಐಎಸ್ ಗುರುತು, 22K916, ಆಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಅಂಗಡಿಗಳಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಈ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಹುಡುಗಿ ಅದನ್ನು ಮೊಬೈಲಿನ BIS Care ಆ್ಯಪಿನಲ್ಲಿ ಹಾಕಿದಳು. ಶುದ್ಧತೆಯೂ ಒಡವೆಯ ಬಗೆಯೂ ತಾಳೆಯಾದವು. 916 ಎಂದರೆ ಸಾವಿರದಲ್ಲಿ 916 ಭಾಗ ಬಂಗಾರ, ಉಳಿದದ್ದು ಬೇರೆ ಲೋಹ. ಈ ಮುದ್ರೆ ಶುದ್ಧತೆಗೆ ಸಾಕ್ಷಿ. ವೇಸ್ಟೇಜ್ ನ್ಯಾಯವೋ ಅಲ್ಲವೋ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

"ವೇಸ್ಟೇಜ್, ಮಜೂರಿ ಕೂಡಿ ಒಟ್ಟು 17,200 ಕೇಳೀರಿ. ಎಷ್ಟು ಬಿಡ್ತೀರಿ?" ಎಂದೆ. ಅಂಗಡಿಯವರು ನಕ್ಕು ಚಹಾ ತರಿಸಿದರು. ಚಹಾ ಮುಗಿಯುವಷ್ಟರಲ್ಲಿ ವೇಸ್ಟೇಜ್ ಶೇಕಡಾ 6ಕ್ಕೆ ಇಳಿದಿತ್ತು. ತೆರಿಗೆಯೂ ಅಷ್ಟು ತಗ್ಗಿ, ಒಟ್ಟು 4,614 ರೂಪಾಯಿ ಉಳಿಯಿತು. ಮಜೂರಿಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಬಿಡಲಿಲ್ಲ.