ರಾತ್ರಿ ಪಾಳಿಯ ಅರ್ಜಿ

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ತಂಗಿಯ ಮಗಳು ಡೊಂಬಿವಲಿಯಲ್ಲಿ ನಮ್ಮೊಡನೆಯೇ ಇದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳೊಂದು ಅರ್ಜಿ ತಂದು ನಮ್ಮ ಮುಂದಿಟ್ಟಳು. “ಆರೋಗ್ಯ ಸರಿಯಿಲ್ಲದ್ದರಿಂದ ರಾತ್ರಿ ಪಾಳಿ ಬೇಡ” ಎಂದಷ್ಟೇ ಬರೆದಿದ್ದಳು. ಮೇಟ್ರನ್ ಅದನ್ನು ಹಿಂದಿರುಗಿಸಿದ್ದರು.

ಅವಳಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಕ್ಯಾಲೆಂಡರ್ ಹಿಡಿದು ಕೂತಾಗ, ಎರಡೂ ಸಲ ಸತತ ಮೂರು ರಾತ್ರಿ ದುಡಿದು ಬಂದ ಬೆಳಿಗ್ಗೆಯೇ ಬಂದದ್ದೆಂದು ಹೊಳೆಯಿತು. ಮಾತ್ರೆ ತಪ್ಪಿಸಿರಲಿಲ್ಲ. ನಿದ್ದೆಗೆಟ್ಟರೆ ಮಾತ್ರೆ ತೆಗೆದುಕೊಳ್ಳುವವರಿಗೂ ಫಿಟ್ಸ್ ಬರಬಹುದು ಎಂದರು ನರರೋಗ ತಜ್ಞರು.

“ಕಾಯಿಲೆಯ ಹೆಸರು ಬರೆದರೆ ವಾರ್ಡಿಗೆಲ್ಲ ಗೊತ್ತಾಗುತ್ತದೆ ಮಾವ, ನಾಳೆ ಊರಿಗೂ ಮುಟ್ಟುತ್ತದೆ” ಎಂದು ಅತ್ತಳು. ಮದುವೆಯ ಮಾತು ನಡೆದಿತ್ತು. ನಮಗೂ ಗಂಟಲು ಕಟ್ಟಿತು.

ಕೊನೆಗೆ ಹೊಸದಾಗಿ ಬರೆದೆವು. ಎರಡು ತಾರೀಖು, ಅವುಗಳ ಹಿಂದಿನ ಪಾಳಿಗಳು ಮೊದಲಿಗೆ. ಆರು ತಿಂಗಳು ರಾತ್ರಿ ಪಾಳಿ ಬೇಡ, ಆಮೇಲೆ ಮತ್ತೆ ತಪಾಸಣೆ. ಬದಲಿಗೆ ಬೆಳಗಿನ, ಮಧ್ಯಾಹ್ನದ ಪಾಳಿ, ಹಬ್ಬ ಭಾನುವಾರವಾದರೂ ಸರಿ. ಆದರೆ ಮಧ್ಯಾಹ್ನದ ಪಾಳಿಯ ಮರುದಿನವೇ ಬೆಳಗಿನದು ಬೇಡ, ತಡರಾತ್ರಿ ಮನೆ ಸೇರಿ ನಸುಕಿನಲ್ಲಿ ಹೊರಟರೂ ನಿದ್ದೆ ಕೆಡುತ್ತದಲ್ಲ! ಇಂಜೆಕ್ಷನ್ ಕೊಡುವಾಗ ಫಿಟ್ಸ್ ಬಂದರೆ ರೋಗಿಗೂ ಅಪಾಯವೆಂದು ಒಂದು ಸಾಲು. ಕಾಯಿಲೆಯ ಹೆಸರು ತಜ್ಞರ ಸರ್ಟಿಫಿಕೇಟಿನಲ್ಲಿ ಮಾತ್ರ. ಅದು ಮುಚ್ಚಿದ ಲಕೋಟೆಯಲ್ಲಿ, ಮೇಟ್ರನ್ ಕೈಗೇ.

ಅರ್ಜಿ ಮಂಜೂರಾಯಿತು. ರಾತ್ರಿಯ ಭತ್ಯೆ ಹೋಯಿತು. ಜೊತೆಯವರು ಒಂದಿಬ್ಬರು ಗೊಣಗಿದರು. ದೀಪಾವಳಿಯಂದು ಇವಳೇ ಅವರ ಪಾಳಿ ಮಾಡಿಕೊಟ್ಟ ಮೇಲೆ ಸುಮ್ಮನಾದರು.

ಗಂಡಿನ ಮನೆಯವರಿಗೂ ಇದನ್ನು ತಿಳಿಸಬೇಕು. ಆ ಪತ್ರವನ್ನು ಮಾತ್ರ ನಾವಿನ್ನೂ ಬರೆದಿಲ್ಲ.